ಅಕ್ಷರ ಬಂದು ನಿಲ್ಲುವ ಬಗೆ

ಟೈಮ್‌ಲೈನಿನಲ್ಲಿ ಎರಡು ಕೀಫ್ರೇಮ್ ಇಟ್ಟರೆ ಸಾಕು, ಶೀರ್ಷಿಕೆ ಓಡುತ್ತದೆ. ಪರದೆಯ ಆಚೆಯಿಂದ ಹೊರಟು ತನ್ನ ಜಾಗಕ್ಕೆ ಬಂದು ಟಕ್ಕನೆ ನಿಂತುಬಿಡುತ್ತದೆ. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಆದರೂ ನೋಡುವವರ ಕಣ್ಣು ಅಕ್ಷರದ ಜೊತೆ ನಿಲ್ಲದೆ ಒಂದಿಷ್ಟು ಮುಂದಕ್ಕೆ ಜಾರಿ, ಮತ್ತೆ ಹಿಂದಕ್ಕೆ ಬರುತ್ತದೆ. ಜೋಕಾಲಿಯನ್ನು ನೋಡಿ ಬೆಳೆದ ಕಣ್ಣು ಅದು. ಜೋಕಾಲಿ ಎರಡೂ ತುದಿಗಳಲ್ಲಿ ನಿಧಾನ, ನಡುವೆ ಜೋರು. ತೂಕವಿರುವ ಯಾವುದೂ ಪೂರ್ತಿ ವೇಗದಿಂದ ಒಂದೇ ಏಟಿಗೆ ಸೊನ್ನೆಗೆ ಬರುವುದಿಲ್ಲ, ಗೋಡೆಗೆ ಗುದ್ದಿದರೆ ಮಾತ್ರ ಬರುತ್ತದೆ.

ಈ ಕೊರತೆಗೆ ಮದ್ದು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಕಾಗದದ ಅಂಚಿನಲ್ಲಿ. ಡಿಸ್ನಿ ಸ್ಟುಡಿಯೊದಲ್ಲಿ ಹಿರಿಯ ಕಲಾವಿದರು ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಬರೆಯುತ್ತಿದ್ದರು. ನಡುವಿನ ಚಿತ್ರಗಳನ್ನು ತುಂಬುವುದು ಕಿರಿಯರ ಕೆಲಸ. ಅವರಿಗೆ ಇನ್‌ಬಿಟ್ವೀನರ್ ಎಂಬ ಹೆಸರಿತ್ತು. ಯಾವ ಚಿತ್ರ ಎಲ್ಲಿ ಬೀಳಬೇಕು ಎಂದು ಅವರಿಗೆ ತಿಳಿಸಲು ಹಿರಿಯರು ಹಾಳೆಯ ಪಕ್ಕದಲ್ಲಿ ಏಣಿಯಂಥದ್ದೊಂದು ಗೀಟು ಎಳೆದು ಮೆಟ್ಟಿಲು ಗುರುತಿಸುತ್ತಿದ್ದರು. ಮೆಟ್ಟಿಲುಗಳು ಒತ್ತೊತ್ತಾಗಿದ್ದಲ್ಲಿ ಚಲನೆ ನಿಧಾನ, ಅಂತರ ಹೆಚ್ಚಿದಲ್ಲಿ ವೇಗ.

ಆ ಏಣಿಯ ಗುಟ್ಟು ಅರ್ಧ ಮಾಡುವುದರಲ್ಲಿತ್ತು. ಬೆಳಕಿನ ಮೇಜಿನ ಮೇಲೆ ಎರಡು ಹಾಳೆ ಒಂದರ ಮೇಲೊಂದು ಇಟ್ಟರೆ ಅವುಗಳ ಸರಿಮಧ್ಯವನ್ನು ಕಣ್ಣಳತೆಯಲ್ಲೇ ಹಿಡಿಯಬಹುದು. ಏಳನೇ ಒಂದು ಭಾಗ, ಹತ್ತನೇ ಮೂರು ಭಾಗ ಎಂದರೆ ಕೈ ತಡಕಾಡುತ್ತದೆ. ಹಾಗಾಗಿ ಮೊದಲು ಮಧ್ಯದ ಚಿತ್ರ, ಆಮೇಲೆ ಆರಂಭಕ್ಕೂ ಮಧ್ಯಕ್ಕೂ ನಡುವಿನದು, ಆಮೇಲೆ ಆರಂಭಕ್ಕೂ ಅದಕ್ಕೂ ನಡುವಿನದು. ಕೊನೆಯ ತುದಿಯಲ್ಲೂ ಇದೇ ಕ್ರಮ. ಚಿತ್ರಗಳು ದಾರಿಯ ಎಂಟನೇ ಒಂದು, ನಾಲ್ಕನೇ ಒಂದು, ಅರ್ಧ, ಮುಕ್ಕಾಲು, ಎಂಟನೇ ಏಳು ಭಾಗಗಳಲ್ಲಿ ಬಂದು ಕೂರುತ್ತವೆ. ಅಲ್ಲಿನ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಮ್ಮ ಸ್ಟುಡಿಯೊದ ಹನ್ನೆರಡು ಸೂತ್ರಗಳನ್ನು ಪುಸ್ತಕವಾಗಿ ಬರೆದಾಗ ಇದಕ್ಕೆ ಕೊಟ್ಟ ಹೆಸರು ‘ಸ್ಲೋ ಇನ್ ಅಂಡ್ ಸ್ಲೋ ಔಟ್’.

ಶೀರ್ಷಿಕೆಗಳದ್ದು ಇನ್ನೊಂದು ಕೋಣೆಯ ಕಥೆ. ಅಕ್ಷರ ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟು, ಮೇಲಿಂದ ಕೆಳಮುಖವಾಗಿ ನೋಡುವ ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್ ತೆಗೆಯುತ್ತಿದ್ದರು. ಫ್ರೇಮಿಗೊಮ್ಮೆ ಹಿಡಿಕೆ ತಿರುಗಿಸಿ ಹಾಳೆ ಸರಿಸಬೇಕು. ಎಷ್ಟು ಸರಿಸಬೇಕೆಂಬ ಪಟ್ಟಿ ಮೊದಲೇ ಸಿದ್ಧವಿರುತ್ತಿತ್ತು: ಆರಂಭದಲ್ಲಿ ಕೂದಲೆಳೆಯಷ್ಟು, ಬರಬರುತ್ತಾ ಹೆಚ್ಚು, ನಿಲ್ಲುವ ಹೊತ್ತಿಗೆ ಮತ್ತೆ ಕೂದಲೆಳೆ. ಪರದೆಯ ಒಂದು ಸೆಕೆಂಡಿಗೆ 24 ಸಲ ತಿರುಗಿಸುವ ಆ ದುಡಿಮೆಯನ್ನು ನೆನೆದರೆ, ಇವತ್ತು ಆಫ್ಟರ್ ಎಫೆಕ್ಟ್ಸ್‌ನಲ್ಲಿ F9 ಕೀಲಿ ಒತ್ತಿ ಇದನ್ನು ಮುಗಿಸುವವರಿಗೆ ಸ್ವಲ್ಪ ನಾಚಿಕೆಯಾಗಬೇಕು.

F9ರ ಹಿಂದಿರುವ ಗಣಿತ ಬಂದದ್ದು ಕಾರುಗಳಿಂದ. ಕಾರಿನ ಮೈಯ ತಿರುವುಗಳನ್ನು ಯಂತ್ರಕ್ಕೆ ಅರ್ಥವಾಗುವಂತೆ ಹೇಳುವ ದಾರಿಯನ್ನು ಫ್ರಾನ್ಸಿನಲ್ಲಿ ಇಬ್ಬರು ಬೇರೆಬೇರೆಯಾಗಿ ಹುಡುಕುತ್ತಿದ್ದರು. ಸಿಟ್ರೊಯೆನ್‌ನ ಪಾಲ್ ದ ಕಾಸ್ತೆಲ್ಜೊ 1959ರಲ್ಲೇ ಅದನ್ನು ಕಂಡುಕೊಂಡಿದ್ದರೂ ಕಂಪನಿ ಗುಟ್ಟು ಬಿಡಲಿಲ್ಲ. 1960ರ ದಶಕದಲ್ಲಿ ರೆನೊದ ಪಿಯೆರ್ ಬೆಜಿಯೆ ತಮ್ಮದನ್ನು ಪ್ರಕಟಿಸಿದರು, ರೇಖೆಗೆ ಅವರ ಹೆಸರೇ ಉಳಿಯಿತು. ಎರಡು ತುದಿ, ಎರಡು ಹಿಡಿಗಳು. ಹಿಡಿ ಎಳೆದ ಕಡೆಗೆ ರೇಖೆ ಬಾಗುತ್ತದೆ. ಅಡ್ಡ ಗೆರೆಯಲ್ಲಿ ಕಾಲ, ಉದ್ದ ಗೆರೆಯಲ್ಲಿ ದೂರ ಎಂದಿಟ್ಟುಕೊಂಡರೆ ಕಾರಿನ ಬಾನೆಟ್ಟಿನ ತಿರುವೇ ಚಲನೆಯ ನಕ್ಷೆಯಾಗುತ್ತದೆ. ಹಳೆಯ ಪೆನ್ಸಿಲ್ ಏಣಿ ಇಲ್ಲಿ ಎಡೆಯಿಲ್ಲದ ಗೆರೆಯಾಯಿತು, ಅಷ್ಟೇ.

ಅಮೆರಿಕದ ಪ್ರಾವಿಡೆನ್ಸ್ ಊರಿನ ಸಣ್ಣ ಕಂಪನಿಯೊಂದು 1993ರಲ್ಲಿ ಹೊರತಂದ ಆಫ್ಟರ್ ಎಫೆಕ್ಟ್ಸ್, ಮರುವರ್ಷ ಅಡೋಬಿಯ ಪಾಲಾಯಿತು. ಇವತ್ತು ಅದರಲ್ಲಿ ಕೀಫ್ರೇಮ್ ಆರಿಸಿ F9 ಒತ್ತಿದರೆ Easy Ease ಬೀಳುತ್ತದೆ. ಆ ಕೀಫ್ರೇಮಿನಲ್ಲಿ ವೇಗ ಸೊನ್ನೆ, ಹಿಡಿಯ ಪ್ರಭಾವ ಶೇ 33.33.

ಅದು ಏನು ಮಾಡುತ್ತದೆ ಎಂಬುದನ್ನು ಅಳೆದೇ ನೋಡಬಹುದು. 800 ಪಿಕ್ಸೆಲ್ ಅಗಲದ ಶೀರ್ಷಿಕೆ ಪರದೆಯ ಎಡಗಡೆ ಆಚೆ ಇದೆ. 960 ಪಿಕ್ಸೆಲ್ ಸರಿದು, ಅಂಚಿನಿಂದ 160 ಪಿಕ್ಸೆಲ್ ಒಳಗೆ ನಿಲ್ಲಬೇಕು. ಸಮಯ ಒಂದು ಸೆಕೆಂಡ್, 24 ಫ್ರೇಮ್. ಏನೂ ಮಾಡದಿದ್ದರೆ ಪ್ರತಿ ಫ್ರೇಮಿಗೆ 40 ಪಿಕ್ಸೆಲ್. ಎರಡೂ ಕೀಫ್ರೇಮಿಗೆ F9 ಹಾಕಿದರೆ ಮೊದಲ ಫ್ರೇಮಿನಲ್ಲಿ 5 ಪಿಕ್ಸೆಲ್ ಕೂಡ ಇಲ್ಲ, ನಡುದಾರಿಯಲ್ಲಿ ಸುಮಾರು 60, ಕೊನೆಯಲ್ಲಿ ಮತ್ತೆ 5ರ ಆಸುಪಾಸು. ನಿಲ್ಲುವುದು ಚೆನ್ನಾಗಾಯಿತು. ಆದರೆ ಹೊರಡುವಾಗ ಎಡ ಅಂಚಿನಲ್ಲಿ ಕೊನೆಯ ಅಕ್ಷರದ ಚೂರೊಂದು ಬಾಗಿಲ ಸಂದಿಯಿಂದ ಇಣುಕಿದಂತೆ ಕಾಣಿಸಿಕೊಂಡು, ಒಂದು ಗಳಿಗೆ ಅನುಮಾನಿಸಿ, ಆಮೇಲೆ ಒಳಗೆ ಬರುತ್ತದೆ. ಹೊರಗಿನಿಂದ ಬರುವ ವಸ್ತು ಪರದೆ ಮುಟ್ಟುವ ಮೊದಲೇ ವೇಗ ಪಡೆದಿರಬೇಕಲ್ಲವೆ?

ಆದ್ದರಿಂದ ಒಳಬರುವ ಶೀರ್ಷಿಕೆಗೆ ನಿಲುಗಡೆಯಲ್ಲಿ ಮಾತ್ರ ಮೆದುವಾಗುವ ರೇಖೆ ಹೊಂದುತ್ತದೆ. ವೆಬ್ ಪುಟಕ್ಕೆ ಬರೆಯುವವರು ಅದನ್ನು ಹೀಗೆ ಬರೆಯುತ್ತಾರೆ:

```
transition: transform 1s cubic-bezier(0.33, 1, 0.67, 1);
```

ಮೊದಲ ಫ್ರೇಮಿನಲ್ಲೇ 115 ಪಿಕ್ಸೆಲ್ ನುಗ್ಗಿ, ಅರ್ಧ ಸೆಕೆಂಡಿಗೆ 840 ಮುಗಿಸಿ, ಉಳಿದ 120ಕ್ಕೆ ಇನ್ನರ್ಧ ಸೆಕೆಂಡ್ ತೆಗೆದುಕೊಳ್ಳುತ್ತದೆ. ನೋಡುಗರು ಅಷ್ಟರಲ್ಲಿ ಓದಲು ಶುರು ಮಾಡಿರುತ್ತಾರೆ. ಇದಕ್ಕೂ ಬೆಲೆ ಇದೆ. ಆರಂಭದ ಆ ದೊಡ್ಡ ಜಿಗಿತಗಳು ಮೋಷನ್ ಬ್ಲರ್ ಇಲ್ಲದಿದ್ದರೆ ಕಣ್ಣಿಗೆ ತಟತಟ ಹೊಡೆಯುತ್ತವೆ. ಕೊನೆಯ ಆರು ಫ್ರೇಮಿನಲ್ಲಿ ಬರೀ 15 ಪಿಕ್ಸೆಲ್, ಕಟ್ಟಕಡೆಯದರಲ್ಲಿ ಒಂದು ಪಿಕ್ಸೆಲ್ಲಿನ ಹತ್ತನೇ ಒಂದು ಭಾಗವೂ ಇಲ್ಲ. ಸಣ್ಣ ಅಕ್ಷರಗಳ ತೆಳು ಗೆರೆಗಳು ಅಲ್ಲಿ ಮಿಣಮಿಣ ನಡುಗಬಹುದು. ಆಗ ಬಾಲವನ್ನು ಒಂದೆರಡು ಫ್ರೇಮ್ ಮೊಟಕು ಮಾಡುವುದೇ ಸರಿ.

ಹೆಸರುಗಳ ಗೊಂದಲವಂತೂ ತಲೆ ತಿನ್ನುವಂಥದ್ದು. ಡಿಸ್ನಿಯವರ ‘ಸ್ಲೋ ಇನ್’ ಎಂದರೆ ಭಂಗಿಯೊಳಕ್ಕೆ ನಿಧಾನವಾಗಿ ಬರುವುದು. ಆಫ್ಟರ್ ಎಫೆಕ್ಟ್ಸ್‌ನ Easy Ease In ಕೂಡ ಹಾಗೆಯೇ, ಕೀಫ್ರೇಮಿಗೆ ಬಂದು ಸೇರುವ ಬದಿಯನ್ನು ಮೆದುಗೊಳಿಸುತ್ತದೆ. ವೆಬ್ಬಿನ ease-in ಮಾತ್ರ ಇದಕ್ಕೆ ತಲೆಕೆಳಗು: ಅಲ್ಲಿ ನಿಧಾನವಾಗುವುದು ಚಲನೆಯ ಆರಂಭ. ವಿನ್ಯಾಸಗಾರ ಒಂದು ಹೇಳಿ ಕೋಡ್ ಬರೆಯುವವ ಇನ್ನೊಂದು ಮಾಡಿದರೆ ಇಬ್ಬರೂ ತಪ್ಪಲ್ಲ. ಪದ ಬಿಟ್ಟು ರೇಖೆಯ ಚಿತ್ರವನ್ನೇ ಕಳಿಸುವುದು ಮೇಲು.

ಹೊಸಬರ ಕೆಲಸದಲ್ಲಿ ತಕ್ಷಣ ಗುರುತು ಸಿಗುವ ತಪ್ಪು ಇನ್ನೊಂದು. ದಾರಿಯ ನಡುವೆ ಮೂರನೇ ಕೀಫ್ರೇಮ್ ಇಟ್ಟು, ಎಲ್ಲವನ್ನೂ ಒಟ್ಟಿಗೆ ಆರಿಸಿ F9 ಒತ್ತುತ್ತಾರೆ. ನಡುವಿನದಕ್ಕೂ ವೇಗ ಸೊನ್ನೆಯಾಗಿ ಶೀರ್ಷಿಕೆ ಸ್ಟಾಪ್ ಕಂಡ ಸಿಟಿ ಬಸ್ಸಿನಂತೆ ನಿಂತು ಹೊರಡುತ್ತದೆ. ವೇಗದ ಗ್ರಾಫ್ ತೆರೆದರೆ ನಡುವೆ ತಳ ಮುಟ್ಟಿದ ಹಳ್ಳ ಕಾಣುತ್ತದೆ. ಆ ಕೀಫ್ರೇಮ್ ತೆಗೆದುಹಾಕಬೇಕು, ಇಲ್ಲವೇ ಅಲ್ಲಿ ವೇಗ ಹರಿಯಲು ಬಿಡಬೇಕು.

ಕನ್ನಡದ ಶೀರ್ಷಿಕೆ ಮಾಡುವವರಿಗೆ ಕಾದಿರುವ ತೊಡಕೊಂದಿದೆ. ಅಕ್ಷರಗಳು ಒಂದರ ಹಿಂದೊಂದು, ತಲಾ ಎರಡು ಫ್ರೇಮ್ ತಡವಾಗಿ ಬಂದು ಕೂರುವ ವಿನ್ಯಾಸಕ್ಕೆ ಬೇಡಿಕೆ ಹೆಚ್ಚು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ‘ರಸ್ತೆ’ ಎಂದು ಬರೆದರೆ ತಂತ್ರಾಂಶಕ್ಕೆ ತವೊತ್ತು ಬೇರೆಯೇ ಅಕ್ಷರ. ‘ಸೆ’ ಬಂದು ನಿಂತ ಮೇಲೆ ಒತ್ತು ಹಿಂದಿನಿಂದ ಓಡಿಬಂದು ಅದರ ಕೆಳಗೆ ತೂರಿಕೊಳ್ಳುತ್ತದೆ. ರೇಖೆ ಎಷ್ಟೇ ನಯವಾಗಿದ್ದರೂ ನೋಡಿದವರು ನಗುತ್ತಾರೆ. ಪ್ರತಿ ಅಕ್ಷರವನ್ನು ಅದರ ಒತ್ತಿನ ಸಮೇತ ಬೇರೆ ಬೇರೆ ಲೇಯರ್ ಮಾಡಿಕೊಂಡು, ಕೀಫ್ರೇಮುಗಳನ್ನು ಕೈಯಾರೆ ಎರಡೆರಡು ಫ್ರೇಮ್ ಸರಿಸುತ್ತಾ ಹೋಗುವುದು ಒಂದು ದಾರಿ. ಹೊತ್ತಿಲ್ಲದಿದ್ದರೆ ಅಕ್ಷರದ ಬದಲು ಇಡೀ ಪದವನ್ನೇ ಒಂದು ಘಟಕವಾಗಿ ಓಡಿಸಬೇಕು.