ಕಾರಿನ ಚಾರ್ಜಿಂಗ್ ಕೇಬಲ್ಲಿಗೆ ಯಾವ ಸಾಕೆಟ್ ಸರಿ?

ವಿದ್ಯುತ್ ಕಾರಿನೊಂದಿಗೆ ಬರುವ ಒಯ್ಯಬಲ್ಲ ಕೇಬಲ್ಲನ್ನು ನೀವು ನೋಡಿರಬಹುದು. ಒಂದು ತುದಿಯಲ್ಲಿ ಮೂರು ಪಿನ್ನಿನ ದಪ್ಪ ಪ್ಲಗ್, ಇನ್ನೊಂದು ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಕನೆಕ್ಟರ್, ನಡುವೆ ದೀಪಗಳಿರುವ ಒಂದು ಪೆಟ್ಟಿಗೆ. ಈ ಪೆಟ್ಟಿಗೆಯನ್ನೇ ಎಲ್ಲರೂ ಚಾರ್ಜರ್ ಎನ್ನುತ್ತಾರೆ. ವಾಸ್ತವವಾಗಿ ಎಸಿಯನ್ನು ಡಿಸಿಯಾಗಿ ಪರಿವರ್ತಿಸುವ ಚಾರ್ಜರ್ ಕಾರಿನೊಳಗಿದೆ. ಪೆಟ್ಟಿಗೆಯಾಗಲಿ, ಮನೆಯ ಗೋಡೆಗೆ ಕೂರಿಸುವ ಎಸಿ ಘಟಕವಾಗಲಿ, ಸುರಕ್ಷತೆಯನ್ನು ಪರೀಕ್ಷಿಸಿ ವಿದ್ಯುತ್ತನ್ನು ಬಿಡುವ ಸ್ವಿಚ್ಚುಗಳು ಮಾತ್ರ.

ಎರಡೂ ಕಾರಿನೊಡನೆ ಒಂದೇ ಭಾಷೆಯಲ್ಲಿ ಮಾತನಾಡುತ್ತವೆ. ಒಂದು ತೆಳು ತಂತಿಯಲ್ಲಿ ಸೆಕೆಂಡಿಗೆ 1000 ಬಾರಿ ಏರಿಳಿಯುವ ಚೌಕಾಕಾರದ ಅಲೆ ಹರಿಯುತ್ತದೆ. ಪ್ರತಿ ಆವರ್ತದಲ್ಲಿ ಅಲೆ ಶೇಕಡ ಎಷ್ಟು ಕಾಲ ಮೇಲಿರುತ್ತದೆಯೋ ಅದನ್ನು 0.6ರಿಂದ ಗುಣಿಸಿದರೆ ಕಾರು ಎಳೆಯಬಹುದಾದ ಗರಿಷ್ಠ ಆಂಪಿಯರ್ ದೊರೆಯುತ್ತದೆ. ಶೇಕಡ 25 ಇದ್ದರೆ 15 ಆಂಪಿಯರ್. ವ್ಯತ್ಯಾಸವಿರುವುದು ಪೆಟ್ಟಿಗೆಯ ಹಿಂದೆ. ಗೋಡೆಯ ಘಟಕದ ತಂತಿಗಳನ್ನು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಕೇಬಲ್ಲಿನ ಪೆಟ್ಟಿಗೆಗಾದರೋ ಸಾಕೆಟ್ಟಿನೊಳಗಿನ ಹಿತ್ತಾಳೆಯ ಸ್ಪ್ರಿಂಗುಗಳ ಹಿಡಿತವೇ ಆಧಾರ.

ಒಂದು ಲೆಕ್ಕ ಮಾಡೋಣ. 220 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ 3.3 ಕಿಲೋವಾಟ್. ಬ್ಯಾಟರಿಗೆ 24 ಯೂನಿಟ್ ತುಂಬಿಸಲು, ನಷ್ಟವನ್ನೂ ಸೇರಿಸಿ, ಸುಮಾರು 8 ಗಂಟೆ ಬೇಕು. ಮೀಟರ್ ಫಲಕದಿಂದ ಸಾಕೆಟ್ಟಿಗೆ 15 ಮೀಟರ್ ದೂರವಿದ್ದು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದ್ದರೆ, ಹೋಗಿ ಬರುವ 30 ಮೀಟರಿನ ರೋಧ ಸುಮಾರು 0.2 ಓಮ್. I²R ಪ್ರಕಾರ ಅಲ್ಲಿ ಹುಟ್ಟುವ ಶಾಖ 45 ವಾಟ್. ಅದು 30 ಮೀಟರಿಗೆ ಹಂಚಿಹೋಗುವುದರಿಂದ ಮೀಟರಿಗೆ ಒಂದೂವರೆ ವಾಟ್ ಮಾತ್ರ; ತಂತಿಗೆ ಅಪಾಯವಿಲ್ಲ.

ಈಗ ಸಾಕೆಟ್ಟಿಗೆ ಬನ್ನಿ. ಬಿಗಿಯಾದ ಸಂಪರ್ಕದ ರೋಧ 0.005 ಓಮ್ ಇದ್ದರೆ ಶಾಖ ಒಂದು ವಾಟಿಗಿಂತ ಸ್ವಲ್ಪ ಹೆಚ್ಚು. ಸ್ಪ್ರಿಂಗ್ ಸಡಿಲವಾಗಿ ರೋಧ 0.1 ಓಮಿಗೆ ಏರಿದರೆ ಶಾಖ 22.5 ವಾಟ್! ಪ್ರಯೋಗಾಲಯದಲ್ಲಿ ಬಳಸುವ ಸಣ್ಣ ಬೆಸುಗೆ ಕಡ್ಡಿಯ ಶಕ್ತಿಯೂ ಇಷ್ಟೇ. ಅಂತಹ ಕಡ್ಡಿಯನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ರಾತ್ರಿಯಿಡೀ ಉರಿಸಿದಂತಾಯಿತು. ಗೀಸರ್ ಕೂಡ ಹೆಚ್ಚುಕಡಿಮೆ ಇಷ್ಟೇ ಪ್ರವಾಹವನ್ನು ಎಳೆಯಬಹುದು, ಆದರೆ ಕಾಲು ಗಂಟೆಯಲ್ಲಿ ಆರುತ್ತದೆ. ಬಿಸಿಯಾದ ಸ್ಪ್ರಿಂಗ್ ಇನ್ನಷ್ಟು ಸಡಿಲವಾಗುತ್ತದೆ, ಲೋಹದ ಮೇಲೆ ಆಕ್ಸೈಡ್ ಕಟ್ಟುತ್ತದೆ, ರೋಧ ಮತ್ತೆ ಏರುತ್ತದೆ.

ಇದನ್ನು ಯಾವ ರಕ್ಷಣಾ ಸಾಧನವೂ ಗಮನಿಸುವುದಿಲ್ಲವೆಂಬುದು ಮುಖ್ಯ. ಪ್ರವಾಹ 15 ಆಂಪಿಯರನ್ನು ಮೀರಿಲ್ಲ, ಆದ್ದರಿಂದ ಎಂಸಿಬಿ ಬೀಳದು. ನೆಲಕ್ಕೆ ಸೋರಿಕೆಯಿಲ್ಲ, ಆದ್ದರಿಂದ ಸೋರಿಕೆ ನೋಡುವ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಕೆಲವು ಕೇಬಲ್ಲುಗಳ ಪ್ಲಗ್ಗಿನೊಳಗೆ ಉಷ್ಣ ಸಂವೇದಕವಿದೆ. ಅದಿಲ್ಲದಿದ್ದರೆ ನಮ್ಮ ಕೈಯೇ ಸಂವೇದಕ. ಚಾರ್ಜಿಂಗ್ ಆರಂಭಿಸಿ ಒಂದು ಗಂಟೆಯ ನಂತರ ಪ್ಲಗ್ಗಿನ ಹೊರಮೈಗೆ ಅಂಗೈಯ ಹಿಂಬದಿ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಕಾರಿನಿಂದಲೇ ಚಾರ್ಜಿಂಗ್ ನಿಲ್ಲಿಸಿ. ಪಿನ್ನಿನ ಸುತ್ತ ಕಂದು ಕಲೆ, ಸುಟ್ಟ ವಾಸನೆ, ಪ್ಲಗ್ ಸಲೀಸಾಗಿ ಜಾರಿ ಹೊರಬರುವುದು ಇವೂ ಲಕ್ಷಣಗಳೇ. ಅಂತಹ ಸಾಕೆಟ್ಟನ್ನು ಬದಲಿಸಬೇಕು.

ಹಾಗಾದರೆ ಯಾವ ಸಾಕೆಟ್? 6 ಆಂಪಿಯರಿನದು ಸಲ್ಲದು. ಸಣ್ಣ ಪಿನ್ನೂ ದೊಡ್ಡ ಪಿನ್ನೂ ಕೂರುವಂತೆ ಮಾಡಿದ 6-16ರ ಜೋಡಿ ಸಾಕೆಟ್ ಎರಡು ಗಾತ್ರಗಳಿಗೂ ಹೊಂದಿಕೊಳ್ಳಬೇಕಾದ್ದರಿಂದ ನನಗೆ ಅದರ ಮೇಲೆ ಭರವಸೆ ಕಡಿಮೆ. ದೊಡ್ಡ ಪಿನ್ನಿಗೆ ಮಾತ್ರ ಇರುವ 16 ಆಂಪಿಯರಿನ ಉತ್ತಮ ಸಾಕೆಟ್ಟನ್ನು ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ ಮತ್ತು ಆರ್‌ಸಿಸಿಬಿಯೊಡನೆ ಹಾಕಿಸಬಹುದು. ಕಾರ್ಖಾನೆಗಳಲ್ಲಿ ಕಾಣುವ, ದುಂಡು ಪಿನ್ನಿನ ನೀಲಿ ಸಾಕೆಟ್ ಇದಕ್ಕಿಂತ ಮೇಲು, ಆದರೆ ಕೇಬಲ್ಲಿನ ತಯಾರಕರೇ ಆ ಪ್ಲಗ್ಗನ್ನು ಒದಗಿಸಿರಬೇಕು. ಅಡಾಪ್ಟರ್ ಮತ್ತು ಎಕ್ಸ್‌ಟೆನ್ಷನ್ ಬೇಡ. ಅವು ಇನ್ನೊಂದು ಸಡಿಲ ಸಂಪರ್ಕವನ್ನು ಸೇರಿಸುತ್ತವೆ. ಹಳೆಯ ಸಾಕೆಟ್ಟೇ ಗತಿಯಾದಾಗ, ಪೆಟ್ಟಿಗೆಯಲ್ಲಿ ಅವಕಾಶವಿದ್ದರೆ ಪ್ರವಾಹವನ್ನು 10 ಆಂಪಿಯರಿಗೆ ಇಳಿಸಿ. ಸಮಯ ಒಂದೂವರೆ ಪಟ್ಟಾಗುತ್ತದೆ, ಶಾಖ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಭೂಸಂಪರ್ಕ ಸರಿಯಿಲ್ಲದಿದ್ದರೆ ಹೆಚ್ಚಿನ ಪೆಟ್ಟಿಗೆಗಳು ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತವೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದಾಗ ಇದು ಸಾಮಾನ್ಯ. ಆಗ ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನುಗಳನ್ನು ಜೋಡಿಸಿ ಪೆಟ್ಟಿಗೆಯನ್ನು ಮೋಸಗೊಳಿಸುವವರಿದ್ದಾರೆ. ಮುಂದೊಂದು ದಿನ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಪರೀಕ್ಷಿಸಿ ಸರಿಪಡಿಸಿಕೊಳ್ಳುವುದೊಂದೇ ದಾರಿ.

ದಿನವೂ ಚಾರ್ಜು ಮಾಡುವವರಿಗೆ ಗೋಡೆಯ ಘಟಕವೇ ವಾಸಿ. 32 ಆಂಪಿಯರಿನ ಘಟಕ ಸುಮಾರು 7 ಕಿಲೋವಾಟ್ ಕೊಡಬಲ್ಲದು. ಅದಕ್ಕೆ ಸಾಮಾನ್ಯವಾಗಿ 6 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು, ಮನೆಯ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕಾಗಬಹುದು. ಆದರೆ ಕಾರಿನೊಳಗಿನ ಚಾರ್ಜರ್ 3.3 ಕಿಲೋವಾಟಿನದಾಗಿದ್ದರೆ, ಗೋಡೆಯ ಮೇಲೆ ಎಷ್ಟು ದೊಡ್ಡ ಘಟಕವಿದ್ದರೂ ಅದೇ 8 ಗಂಟೆ ಹಿಡಿಯುತ್ತದೆ.