ಮೂರು ಅಂಕಿಗಳಲ್ಲಿ ಮೊದಲು ಕೆಟ್ಟದ್ದು ಯಾವುದು?

ಮಣಿಕಟ್ಟಿನ ಅಪಧಮನಿಯಿಂದ ತೆಗೆದ ಒಂದೆರಡು ಮಿಲಿಲೀಟರ್ ರಕ್ತದಿಂದ ಆಗುವ ಪರೀಕ್ಷೆಗೆ ಆಸ್ಪತ್ರೆಗಳಲ್ಲಿ ಎಬಿಜಿ ಎನ್ನುತ್ತಾರೆ. ಅದರ ವರದಿಯಲ್ಲಿ ಹಲವು ಅಂಕಿಗಳಿದ್ದರೂ ಆಮ್ಲ-ಕ್ಷಾರದ ಏರುಪೇರನ್ನು ಹೇಳುವವು ಮೂರು. ಮೊದಲನೆಯದು ಪಿಎಚ್. ಅದು 7.35ರಿಂದ 7.45ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತ ಆಮ್ಲದ ಕಡೆ ವಾಲಿದೆ, ಹೆಚ್ಚಾದರೆ ಕ್ಷಾರದ ಕಡೆ. ಎರಡನೆಯದು ಇಂಗಾಲದ ಡೈಆಕ್ಸೈಡಿನ ಒತ್ತಡ. ಇದು ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 35ರಿಂದ 45 ಇರುತ್ತದೆ. ಮೂರನೆಯದು ಬೈಕಾರ್ಬನೇಟ್, ಲೀಟರಿಗೆ 22ರಿಂದ 26 ಮಿಲಿ ಈಕ್ವಿವಲೆಂಟ್. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಆಮ್ಲವಾಗಿ ವರ್ತಿಸುತ್ತದೆ. ಅದನ್ನು ಹೊರಹಾಕುವುದು ಶ್ವಾಸಕೋಶದ ಕೆಲಸ. ಬೈಕಾರ್ಬನೇಟ್ ಕ್ಷಾರ. ಅದನ್ನು ಉಳಿಸಿಕೊಳ್ಳುವುದೂ ಬಿಡುವುದೂ ಮೂತ್ರಪಿಂಡದ ಕೆಲಸ. ಪಿಎಚ್ ಈ ಎರಡರ ಪ್ರಮಾಣವನ್ನು ಅವಲಂಬಿಸಿದೆಯೇ ಹೊರತು ಯಾವುದಾದರೂ ಒಂದನ್ನಲ್ಲ.

ಒಂದನ್ನೇ ನೋಡಿ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ 1952ರ ಕೋಪನ್‌ಹೇಗನ್ನಿನ ಪೋಲಿಯೊ ಪಿಡುಗು ಸಾಕ್ಷಿ. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳ ರಕ್ತ ಪರೀಕ್ಷಿಸಿದಾಗ ಬೈಕಾರ್ಬನೇಟ್ ಅಂಶ ಹೆಚ್ಚಾಗಿತ್ತು. ಕ್ಷಾರ ಹೆಚ್ಚಿದೆ, ಕಾರಣ ಮಾತ್ರ ತಿಳಿಯುತ್ತಿಲ್ಲ ಎಂದು ವೈದ್ಯರು ಭಾವಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಇದನ್ನು ಒಪ್ಪಲಿಲ್ಲ. ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿದೆ, ಬೈಕಾರ್ಬನೇಟ್ ಏರಿರುವುದು ಅದರ ಫಲ ಎಂಬುದು ಅವರ ವಾದ. ಪಿಎಚ್ ಅಳೆದಾಗ ರಕ್ತ ಆಮ್ಲೀಯವಾಗಿರುವುದು ಕಂಡಿತು. ಗಂಟಲಿಗೆ ರಂಧ್ರ ಮಾಡಿ, ಕೊಳವೆ ಹಾಕಿ, ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟದ್ದರಿಂದ ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಇಂದಿನ ನರ್ಸಿಂಗ್ ಮತ್ತು ವೈದ್ಯಕೀಯ ಪ್ರಶ್ನೆಪತ್ರಿಕೆಗಳಲ್ಲಿ ಬರುವ ಎಬಿಜಿ ಪ್ರಶ್ನೆ ಕೇಳುವುದೂ ಇದನ್ನೇ: ಎರಡು ಅಂಕಿಗಳು ಕೆಟ್ಟಿರುವಾಗ ಮೊದಲು ಕೆಟ್ಟದ್ದು ಯಾವುದು, ಅದನ್ನು ಸರಿದೂಗಿಸಲು ಬದಲಾದದ್ದು ಯಾವುದು?

ಉತ್ತರ ಹುಡುಕುವ ಕ್ರಮ ಪಿಎಚ್‌ನಿಂದಲೇ ಶುರುವಾಗಬೇಕು. ಪಿಎಚ್ ಯಾವ ಕಡೆ ವಾಲಿದೆಯೋ ಆ ಕಡೆಗೆ ಎಳೆಯಬಲ್ಲ ಅಂಕಿಯೇ ಮೂಲ ದೋಷ. ಪಿಎಚ್ ಇಳಿದು ಇಂಗಾಲದ ಡೈಆಕ್ಸೈಡ್ ಏರಿದ್ದರೆ ದೋಷ ಉಸಿರಾಟದ್ದು, ಅಂದರೆ ರೆಸ್ಪಿರೇಟರಿ ಅಸಿಡೋಸಿಸ್. ಪಿಎಚ್ ಇಳಿದು ಬೈಕಾರ್ಬನೇಟ್ ಇಳಿದಿದ್ದರೆ ಮೆಟಬಾಲಿಕ್ ಅಸಿಡೋಸಿಸ್. ಆಲ್ಕಲೋಸಿಸ್‌ನಲ್ಲಿ ಇವೆರಡೂ ತಿರುಗುಮುರುಗು. ಉಸಿರಾಟದ ದೋಷದಲ್ಲಿ ಪಿಎಚ್ ಮತ್ತು ಇಂಗಾಲದ ಡೈಆಕ್ಸೈಡ್ ಎದುರುಬದುರು ಹೋಗುತ್ತವೆ, ಮೆಟಬಾಲಿಕ್ ದೋಷದಲ್ಲಿ ಪಿಎಚ್ ಮತ್ತು ಬೈಕಾರ್ಬನೇಟ್ ಜೊತೆಯಲ್ಲಿ ಹೋಗುತ್ತವೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳುವುದು ಇದಕ್ಕೇ. ಮೂಲ ದೋಷ ಗೊತ್ತಾದ ಮೇಲೆ ಉಳಿದ ಅಂಕಿಯನ್ನು ನೋಡಬೇಕು. ಅದು ಇನ್ನೂ ಮಾಮೂಲಿನಂತಿದ್ದರೆ ಸರಿದೂಗಿಸುವ ಕೆಲಸ ಶುರುವಾಗಿಲ್ಲ. ಅದೂ ಬದಲಾಗಿದ್ದು, ಪಿಎಚ್ ಮಾತ್ರ ಮಿತಿಯ ಹೊರಗೇ ಇದ್ದರೆ ಭಾಗಶಃ ಸರಿದೂಗಿದೆ. ಪಿಎಚ್ ಮಿತಿಯೊಳಗೆ ಬಂದಿದ್ದರೆ ಪೂರ್ತಿ ಸರಿದೂಗಿದೆ. ಹಾಗೆ ಮಿತಿಯೊಳಗೆ ಬಂದಾಗ 7.40ನ್ನು ಗೆರೆಯಾಗಿ ಇಟ್ಟುಕೊಂಡು, ಪಿಎಚ್ ಅದರ ಯಾವ ಪಕ್ಕದಲ್ಲಿದೆ ಎಂದು ನೋಡಿ ಮೂಲ ದೋಷವನ್ನು ಗುರುತಿಸುತ್ತಾರೆ.

ಸರಿದೂಗಿಸುವ ವೇಗ ಎರಡೂ ಅಂಗಗಳಿಗೆ ಒಂದೇ ಅಲ್ಲ. ಶ್ವಾಸಕೋಶ ನಿಮಿಷಗಳಲ್ಲಿ ಪ್ರತಿಕ್ರಿಯಿಸತೊಡಗುತ್ತದೆ, ಮೂತ್ರಪಿಂಡಕ್ಕೆ ಮೂರರಿಂದ ಐದು ದಿನ ಬೇಕು. ಹೀಗಾಗಿ ಬೈಕಾರ್ಬನೇಟ್ ನೋಡಿ ರೋಗದ ವಯಸ್ಸನ್ನು ಊಹಿಸಬಹುದು. ಇಬ್ಬರು ರೋಗಿಗಳ ಇಂಗಾಲದ ಡೈಆಕ್ಸೈಡ್ 55 ಇದೆ ಎಂದುಕೊಳ್ಳೋಣ. ಒಬ್ಬರ ಪಿಎಚ್ 7.29, ಬೈಕಾರ್ಬನೇಟ್ 26. ಇನ್ನೊಬ್ಬರ ಪಿಎಚ್ 7.36, ಬೈಕಾರ್ಬನೇಟ್ 30. ಮೊದಲನೆಯವರು ನಿದ್ರೆ ಮಾತ್ರೆ ಹೆಚ್ಚಾಗಿ ಈಗಷ್ಟೇ ಉಸಿರು ಕುಗ್ಗಿದವರಿರಬಹುದು. ಎರಡನೆಯವರು ವರ್ಷಗಟ್ಟಲೆ ಬೀಡಿ ಸೇದಿ ಸಿಒಪಿಡಿ ಬಂದವರಿರಬಹುದು, ಅವರ ಮೂತ್ರಪಿಂಡಗಳಿಗೆ ಹೊಂದಿಕೊಳ್ಳಲು ಸಮಯ ಸಿಕ್ಕಿದೆ. ಇಂಗಾಲದ ಡೈಆಕ್ಸೈಡ್ 40ನ್ನು ಮೀರಿದ ಪ್ರತಿ 10ಕ್ಕೆ ಬೈಕಾರ್ಬನೇಟ್ ತಕ್ಷಣಕ್ಕೆ ಸುಮಾರು 1, ದಿನಗಳು ಕಳೆದ ಮೇಲೆ ಸುಮಾರು 4 ಏರುತ್ತದೆ ಎಂಬ ಲೆಕ್ಕ ಈ ವ್ಯತ್ಯಾಸವನ್ನೇ ಹೇಳುತ್ತದೆ.

ಪರೀಕ್ಷಕರಿಗೆ ತೀರಾ ಪ್ರಿಯವಾದ ಪ್ರಸಂಗ ಮಧುಮೇಹದ ಕೀಟೋಅಸಿಡೋಸಿಸ್. ಇನ್ಸುಲಿನ್ ನಿಲ್ಲಿಸಿದ ಯುವಕನೊಬ್ಬ ವಾಂತಿ ಮಾಡಿಕೊಂಡು, ಆಳವಾಗಿ ಜೋರಾಗಿ ಉಸಿರಾಡುತ್ತ ಆಸ್ಪತ್ರೆಗೆ ಬರುತ್ತಾನೆ. ಪಿಎಚ್ 7.26, ಇಂಗಾಲದ ಡೈಆಕ್ಸೈಡ್ 23, ಬೈಕಾರ್ಬನೇಟ್ 10. ಪಿಎಚ್ ಆಮ್ಲದ ಕಡೆಗಿದೆ. ಇಳಿದಿರುವ ಇಂಗಾಲದ ಡೈಆಕ್ಸೈಡ್ ರಕ್ತವನ್ನು ಆಮ್ಲೀಯವಾಗಿಸಲಾರದು, ಇಳಿದಿರುವ ಬೈಕಾರ್ಬನೇಟ್ ಆಗಿಸಬಲ್ಲದು. ಆದ್ದರಿಂದ ಇದು ಮೆಟಬಾಲಿಕ್ ಅಸಿಡೋಸಿಸ್. ಪಿಎಚ್ ಮಿತಿಯ ಹೊರಗಿರುವುದರಿಂದ ನರ್ಸಿಂಗ್ ಪ್ರಶ್ನೆಗೆ ‘ಭಾಗಶಃ ಸರಿದೂಗಿದೆ’ ಎಂಬ ಉತ್ತರ ಸಾಕು. ವೈದ್ಯಕೀಯ ಪ್ರಶ್ನೆ ಇಲ್ಲಿಗೆ ನಿಲ್ಲುವುದಿಲ್ಲ. ಆ ಪ್ರಮಾಣದ ಆಮ್ಲಕ್ಕೆ ಶ್ವಾಸಕೋಶ ತಕ್ಕಷ್ಟು ಕೆಲಸ ಮಾಡಿದೆಯೇ ಎಂದು ಅದು ಕೇಳುತ್ತದೆ. ಅದಕ್ಕೆ ವಿಂಟರ್ಸ್ ಸೂತ್ರ ಬೇಕು: ಬೈಕಾರ್ಬನೇಟನ್ನು 1.5ರಿಂದ ಗುಣಿಸಿ 8 ಕೂಡಿಸಿದರೆ ಇರಬೇಕಾದ ಇಂಗಾಲದ ಡೈಆಕ್ಸೈಡ್ ಸಿಗುತ್ತದೆ, 2 ಆಚೀಚೆ ಆಗಬಹುದು. ಇಲ್ಲಿ 15ಕ್ಕೆ 8 ಸೇರಿ 23. ಅಳೆದದ್ದೂ 23. ‘ಭಾಗಶಃ’ ಎಂಬ ಪದ ಕೇಳಿ ದೇಹ ಎಲ್ಲೋ ಸೋತಿದೆ ಎಂದುಕೊಳ್ಳುವುದು ತಪ್ಪು. ಉಸಿರಾಟ ತನ್ನಿಂದ ನಿರೀಕ್ಷಿಸಿದ್ದಷ್ಟನ್ನೂ ಮಾಡಿದೆ.

ಕೆಲವು ಗಂಟೆಗಳ ನಂತರ ಅದೇ ಯುವಕನಿಗೆ ಮಂಪರು, ಉಸಿರಾಟ ನಿಧಾನ. ವರದಿಯಲ್ಲಿ ಪಿಎಚ್ 7.09, ಇಂಗಾಲದ ಡೈಆಕ್ಸೈಡ್ 34, ಬೈಕಾರ್ಬನೇಟ್ 10. ಬರೀ ಮಿತಿಗಳನ್ನು ಹೋಲಿಸುವ ವಿದ್ಯಾರ್ಥಿಗೆ 34 ಎಂಬುದು 35ಕ್ಕಿಂತ ಕಡಿಮೆ, ಹಾಗಾಗಿ ಇಲ್ಲೂ ‘ಭಾಗಶಃ ಸರಿದೂಗಿದೆ’ ಎಂಬ ಉತ್ತರವೇ ಸರಿಯೆನಿಸುತ್ತದೆ. ಆದರೆ ಸೂತ್ರದ ಪ್ರಕಾರ 25ನ್ನು ಮೀರಬಾರದಿತ್ತು. ಆರೋಗ್ಯವಂತರಿಗೆ ಕಡಿಮೆಯಾದ 34 ಈ ರೋಗಿಗೆ ಹೆಚ್ಚು. ಮೆಟಬಾಲಿಕ್ ಅಸಿಡೋಸಿಸ್ ಜೊತೆಗೆ ರೆಸ್ಪಿರೇಟರಿ ಅಸಿಡೋಸಿಸ್ ಕೂಡ ಸೇರಿಕೊಂಡಿದೆ, ಉಸಿರಾಟ ಸೋಲುತ್ತಿದೆ. ವಾರ್ಡಿನಲ್ಲಿ ಇದನ್ನು ಸುಧಾರಣೆ ಎಂದು ಓದಿಕೊಂಡರೆ ಅಪಾಯ ರೋಗಿಗೆ. ತಕ್ಷಣ ವೈದ್ಯರನ್ನು ಕರೆಯಬೇಕಾದ ವರದಿ ಇದು.

ಪಿಎಚ್ ಸರಿಯಾಗಿಯೇ ಇರುವ ವರದಿಯಲ್ಲೂ ಎರಡು ದೋಷಗಳು ಅಡಗಿರಬಹುದು. ಆಸ್ಪಿರಿನ್ ಮಾತ್ರೆಗಳನ್ನು ಒಮ್ಮೆಲೇ ನುಂಗಿದವರಲ್ಲಿ ಪಿಎಚ್ 7.40, ಇಂಗಾಲದ ಡೈಆಕ್ಸೈಡ್ 23, ಬೈಕಾರ್ಬನೇಟ್ 14 ಕಾಣಬಹುದು. ಪೂರ್ತಿ ಸರಿದೂಗಿದ ಮೆಟಬಾಲಿಕ್ ಅಸಿಡೋಸಿಸ್ ಎಂದು ಬರೆಯುವ ಮುನ್ನ ಲೆಕ್ಕ ಹಾಕಿದರೆ ಇಂಗಾಲದ ಡೈಆಕ್ಸೈಡ್ ಸುಮಾರು 29 ಇರಬೇಕಿತ್ತು ಎಂದು ತಿಳಿಯುತ್ತದೆ. ಮೆಟಬಾಲಿಕ್ ಅಸಿಡೋಸಿಸ್ ಇಷ್ಟು ತೀವ್ರವಾಗಿದ್ದಾಗ ಸರಿದೂಗಿಸುವಿಕೆ ಪಿಎಚ್ ಅನ್ನು ಮೊದಲಿನ ಮಟ್ಟದತ್ತ ತರುತ್ತದೆ, ನೇರ 7.40ಕ್ಕೇ ಮುಟ್ಟಿಸುವುದಿಲ್ಲ. ಆಸ್ಪಿರಿನ್ ಮಿದುಳಿನ ಉಸಿರಾಟದ ಕೇಂದ್ರವನ್ನು ನೇರವಾಗಿ ಕೆರಳಿಸಿ ಉಸಿರನ್ನು ಹೆಚ್ಚಿಸುತ್ತದೆ, ಜೊತೆಗೆ ರಕ್ತದಲ್ಲಿ ಆಮ್ಲವನ್ನೂ ಕೂಡಿಸುತ್ತದೆ. ರೆಸ್ಪಿರೇಟರಿ ಆಲ್ಕಲೋಸಿಸ್ ಮತ್ತು ಮೆಟಬಾಲಿಕ್ ಅಸಿಡೋಸಿಸ್ ಒಂದನ್ನೊಂದು ಎಳೆದು ಪಿಎಚ್ ಅನ್ನು ನಡುವೆ ನಿಲ್ಲಿಸಿವೆ. ಪಿಎಚ್ ಸರಿಯಿದ್ದು ಉಳಿದೆರಡೂ ಕೆಟ್ಟಿದ್ದಾಗ ಪ್ರಶ್ನೆಯ ಮೊದಲ ಸಾಲಿನಲ್ಲಿರುವ ರೋಗಿಯ ಕಥೆಯನ್ನು ಮತ್ತೊಮ್ಮೆ ಓದಬೇಕು, ಏಕೆಂದರೆ ಎರಡನೆಯ ಕಾರಣ ಅಲ್ಲೇ ಇರುತ್ತದೆ.