ಯಂತ್ರದ ಬಳಿ ನಿಲ್ಲುವವರು ಯಾರು?

ಪುತ್ತೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾತನಾಡುವ ಅವಕಾಶ ನಮಗೆ ಒದಗಿತ್ತು. ತರಗತಿಯಲ್ಲಿ ಹೆಣ್ಣು ಗಂಡಿನ ಸಮಾನತೆ ಎಂಬುದು ನಮಗಿತ್ತ ವಿಷಯ. ಸುಳ್ಯ, ಕಡಬದ ಕಡೆಯ ಮಕ್ಕಳೂ ಅಲ್ಲಿದ್ದರು. ವೇಳೆ ಸಾಲದೆ ಅಂದು ಬಿಟ್ಟುಹೋದುದನ್ನೂ ಸೇರಿಸಿ, ಆ ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಹುಬ್ಬಳ್ಳಿಯ ಸಂಗತಿ. ನಮ್ಮ ಸಮಾಜದ ಹಿರಿಯರು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 1947ರಲ್ಲಿ ಅಲ್ಲಿ ಭೂಮರಡ್ಡಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1960ರ ದಶಕದ ಕೊನೆಯಲ್ಲಿ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿಯವರು, ಆ ಕಾಲೇಜಿಗೆ ಸೇರಿದಾಗ ಅಲ್ಲಿ ಅವರೊಬ್ಬರೇ ಹುಡುಗಿ. ಅಂಕಗಳ ಬಲದಿಂದಲೇ ಪ್ರವೇಶ ದೊರೆತಿತ್ತು. ಆದರೂ ಮೂರು ಷರತ್ತುಗಳನ್ನು ಹಾಕಲಾಯಿತೆಂದು ಅವರೇ ಬರೆದಿದ್ದಾರೆ: ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಡನೆ ಮಾತನಾಡಬಾರದು. ಹೆಂಗಸರಿಗೆಂದು ಶೌಚಾಲಯವೂ ಇರಲಿಲ್ಲ. ಅದರ ಅವಶ್ಯಕತೆ ಬೀಳಬಹುದೆಂಬ ಕಲ್ಪನೆಯೇ ಕಟ್ಟಡ ಕಟ್ಟಿದವರಿಗೆ ಬಂದಿರಲಿಲ್ಲ.

ಈ ಷರತ್ತುಗಳನ್ನು ನಾವು ಸಭೆಯಲ್ಲಿ ಹೇಳಿದಾಗ ಮಕ್ಕಳು ನಕ್ಕರು. ನಗಲಿ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆ ಷರತ್ತುಗಳಲ್ಲಿ ಯಾವುದೂ ಗಣಿತದ ಬಗೆಗಲ್ಲ, ಯಂತ್ರದ ಬಗೆಗೂ ಅಲ್ಲ. ಹುಡುಗಿಗೆ ಪಾಠ ತಲೆಗೆ ಹತ್ತದು ಎಂದು ಯಾರೂ ಅನ್ನಲಿಲ್ಲ. ಇದು ನಿನ್ನ ಮನೆಯಲ್ಲ, ಅತಿಥಿಯಂತೆ ಬಂದು ಹೋಗು ಎಂದಷ್ಟೇ ತಿಳಿಸಿದ್ದರು. 1974ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ, ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಟೆಲ್ಕೋ ಕಂಪನಿಯ ಜಾಹೀರಾತನ್ನು ಕಂಡು ಜೆ.ಆರ್.ಡಿ. ಟಾಟಾರಿಗೆ ಅಂಚೆ ಕಾರ್ಡು ಬರೆದುದೂ, ಸಂದರ್ಶನಕ್ಕೆ ಕರೆ ಬಂದುದೂ, ಆ ಕಂಪನಿಯ ಮೊದಲ ಮಹಿಳಾ ಇಂಜಿನಿಯರ್ ಆದುದೂ ಎಲ್ಲರಿಗೂ ತಿಳಿದ ಕಥೆ.

ಇಂದು ಅಂತಹ ಷರತ್ತನ್ನು ಯಾವ ಕಾಲೇಜೂ ಹಾಕುವುದಿಲ್ಲ. ಸುಳ್ಯದಲ್ಲಿ 1986ರಿಂದಲೂ ಪುತ್ತೂರಿನಲ್ಲಿ 2001ರಿಂದಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಹಳ್ಳಿಯ ಹೆಣ್ಣುಮಕ್ಕಳು ಬಸ್ಸು ಹಿಡಿದು ಹೋಗಿ ಪದವೀಧರೆಯರಾಗಿ ಬರುತ್ತಿದ್ದಾರೆ. ಆದರೆ ಮಗಳು ಯಾವ ವಿಭಾಗ ಸೇರಬೇಕೆಂಬ ಮಾತು ಬಂದೊಡನೆ ಮನೆಯಲ್ಲಿ ಹಳೆಯ ಷರತ್ತು ತಲೆ ಎತ್ತುತ್ತದೆ. ಕಂಪ್ಯೂಟರ್ ಆದರೆ ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಹುಡುಗಿಗೆ ಒಪ್ಪುತ್ತದೆ. ಮೆಕ್ಯಾನಿಕಲ್ ಎಂದರೆ ಎಣ್ಣೆ, ಕಬ್ಬಿಣ, ಅದು ಹುಡುಗರಿಗಿರಲಿ ಎನ್ನುತ್ತೇವೆ.

ಈ ಹಂಚಿಕೆಯನ್ನು ಪ್ರಕೃತಿಯೇ ಮಾಡಿದ್ದಲ್ಲ ಎಂಬುದಕ್ಕೆ ಕಂಪ್ಯೂಟರಿನ ಚರಿತ್ರೆಯೇ ಸಾಕ್ಷಿ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ದೊಡ್ಡ ಗಣಕವನ್ನು ಲೋಕಕ್ಕೆ ತೋರಿಸಿದಾಗ, ಅದಕ್ಕೆ ಲೆಕ್ಕದ ಕ್ರಮವನ್ನು ಅಳವಡಿಸಿದ್ದವರು ಆರು ಮಂದಿ ಹೆಂಗಸರು. ಯಂತ್ರ ಕಟ್ಟುವುದು ಗಂಡಸರ ಘನಕಾರ್ಯ, ಕ್ರಮ ಅಳವಡಿಸುವುದು ಗುಮಾಸ್ತಿಕೆಯಂತಹ ಕೆಲಸ ಎಂದು ಅಂದಿನವರ ಎಣಿಕೆ. ಮುಂದೆ ಆ ಕೆಲಸಕ್ಕೆ ಹಣವೂ ಮಾನವೂ ಬಂದಂತೆ ಅದೇ ದೇಶದಲ್ಲಿ ಅದು ಗಂಡಸರದೆನಿಸಿತು. 1980ರ ದಶಕದ ನಡುಭಾಗದ ನಂತರ ಅಲ್ಲಿ ಕಂಪ್ಯೂಟರ್ ಓದುವ ಹುಡುಗಿಯರ ಪ್ರಮಾಣ ಇಳಿಯಿತು. ನಮ್ಮಲ್ಲಿಯಾದರೋ ಅದೇ ಹುಡುಗಿಯರಿಗೆ ಹೇಳಿ ಮಾಡಿಸಿದ ವಿದ್ಯೆ! ಯಂತ್ರವೂ ಒಂದೇ, ವಿದ್ಯೆಯೂ ಒಂದೇ. ಊರು ಬದಲಾದಂತೆ ಅದರ ಲಿಂಗವೂ ಬದಲಾಯಿತು.

ಇನ್ನು ತರಗತಿಯ ಒಳಗೆ ನಡೆಯುವುದನ್ನು ನೋಡೋಣ. ಅಂದಿನ ನಮ್ಮ ಭಾಷಣದ ಮುಖ್ಯ ಮಾತು ಇದೇ ಆಗಿತ್ತು.

ಮೋಟಾರಿನ ಮೇಲೆ ಹೊರೆ ಹಾಕಿ ಪರೀಕ್ಷಿಸುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಮೋಟಾರಿನ ದಂಡಕ್ಕೆ ಬ್ರೇಕ್ ಡ್ರಮ್ ಎಂಬ ಗಾಲಿ. ಅದರ ಸುತ್ತ ಒಂದು ಬೆಲ್ಟು. ಬೆಲ್ಟಿನ ಎರಡು ತುದಿಗೆ ಎರಡು ಸ್ಪ್ರಿಂಗ್ ತಕ್ಕಡಿಗಳು. ಬೆಲ್ಟನ್ನು ಸಡಿಲ ಬಿಟ್ಟು ಮೋಟಾರನ್ನು ಹೊರಡಿಸಿ, ಆಮೇಲೆ ಮೆಲ್ಲಮೆಲ್ಲನೆ ಬಿಗಿಯಬೇಕು. ಅವಸರದಿಂದ ಬಿಗಿದರೆ ಕರೆಂಟು ಒಮ್ಮೆಲೇ ಏರುತ್ತದೆ, ಮೋಟಾರು ನರಳುತ್ತದೆ. ಉಜ್ಜಾಟದಿಂದ ಡ್ರಮ್ಮು ಕಾಯುವುದರಿಂದ ಅದರೊಳಗೆ ನೀರು ಹಾಕುತ್ತಾರೆ. ಒಬ್ಬರು ಬೆಲ್ಟು ಬಿಗಿಯಬೇಕು, ಒಬ್ಬರು ಮೀಟರುಗಳನ್ನು ಓದಬೇಕು, ಒಬ್ಬರು ವೇಗ ಅಳೆಯಬೇಕು, ಒಬ್ಬರು ಬರೆದುಕೊಳ್ಳಬೇಕು.

ನಾಲ್ವರ ಗುಂಪು, ಮೂವರು ಹುಡುಗರು, ಒಬ್ಬಳು ಹುಡುಗಿ. ಯಾರೂ ಅಪ್ಪಣೆ ಮಾಡುವುದಿಲ್ಲ, ಆದರೂ ಪುಸ್ತಕ ಅವಳ ಕೈಗೆ ಬರುತ್ತದೆ. ನಿನ್ನ ಅಕ್ಷರ ಚೆನ್ನಾಗಿದೆ ಎಂಬ ಹೊಗಳಿಕೆಯೂ ಜೊತೆಗೆ ಬರುತ್ತದೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಸೆಮಿಸ್ಟರಿನ ಕೊನೆಗೆ ಗುಂಪಿನಲ್ಲಿ ಎಲ್ಲಕ್ಕಿಂತ ಅಂದವಾದ ರೆಕಾರ್ಡ್ ಪುಸ್ತಕ ಅವಳದು. ಬೆಲ್ಟನ್ನು ಮಾತ್ರ ಒಮ್ಮೆಯೂ ಮುಟ್ಟಿಲ್ಲ. ಪರೀಕ್ಷೆಯ ದಿನ ಚೀಟಿಯಲ್ಲಿ ಅದೇ ಪ್ರಯೋಗ ಬಂದರೆ ಎಷ್ಟು ಬಿಗಿಯಬೇಕೆಂದು ಅವಳ ಕೈಗೆ ಗೊತ್ತಿಲ್ಲ. ಕೈ ಅಳುಕುತ್ತದೆ. ಅದನ್ನು ಕಂಡ ಪರೀಕ್ಷಕರು, ಹುಡುಗಿಯರು ಬರವಣಿಗೆಯಲ್ಲಿ ಮುಂದು, ಪ್ರಾಯೋಗಿಕದಲ್ಲಿ ಹಿಂದು ಎಂದುಕೊಳ್ಳುತ್ತಾರೆ. ಯಾವ ನಂಬಿಕೆ ಅವಳನ್ನು ಯಂತ್ರದಿಂದ ದೂರ ನಿಲ್ಲಿಸಿತೋ ಅದೇ ನಂಬಿಕೆಗೆ ಇದೀಗ ಅವಳ ಕೈಯೇ ಪುರಾವೆಯಾಯಿತು.

ಇದು ನಮ್ಮೂರಿನ ದೋಷ ಮಾತ್ರವಲ್ಲ. 2020ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಭೌತವಿಜ್ಞಾನದ ಪ್ರಯೋಗಾಲಯಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿಯೂ, ಕೆಲಸ ಹಂಚಿಕೊಳ್ಳುವುದನ್ನು ವಿದ್ಯಾರ್ಥಿಗಳಿಗೇ ಬಿಟ್ಟ ಕಡೆ ಹುಡುಗರು ಉಪಕರಣದ ಬಳಿ, ಹುಡುಗಿಯರು ಲ್ಯಾಪ್‌ಟಾಪಿನ ಬಳಿ ಸೇರುವುದು ಕಂಡುಬಂದಿತ್ತು. ಹೆಜ್ಜೆ ಹೆಜ್ಜೆಗೂ ಸೂಚನೆ ಕೊಟ್ಟು ನಡೆಸುವ ಪ್ರಯೋಗಗಳಲ್ಲಿ ಆ ಭೇದ ಅಷ್ಟಾಗಿ ಕಾಣಲಿಲ್ಲ. ಸ್ವಾತಂತ್ರ್ಯ ಕೊಟ್ಟರೆ ಸಮಾನತೆ ತಾನಾಗಿ ಬರುತ್ತದೆಂದು ತಿಳಿದ ನಮ್ಮಂಥವರಿಗೆ ಇದು ಯೋಚಿಸುವಂತೆ ಮಾಡಿದ ಸಂಗತಿ.

ಪರಿಹಾರ ಸುಲಭವಾದುದೇ. ಗುಂಪಿನ ನಾಲ್ಕು ಕೆಲಸಗಳನ್ನು ಹಾಜರಿ ಸಂಖ್ಯೆಯ ಕ್ರಮದಲ್ಲಿ ವಾರವಾರ ತಿರುಗಿಸುವ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ, ನಾಲ್ಕು ಪ್ರಯೋಗ ಮುಗಿಯುವಷ್ಟರಲ್ಲಿ ಎಲ್ಲರ ಕೈಗೂ ಎಲ್ಲ ಕೆಲಸ ಬಂದಿರುತ್ತದೆ. ರೆಕಾರ್ಡ್ ಬರೆಯುವ ಶ್ರಮ ಎಷ್ಟೆಂಬುದು ಹುಡುಗರಿಗೂ ತಿಳಿಯುತ್ತದೆ, ಅದೂ ಒಳ್ಳೆಯದೇ. ಗುಂಪಿಗೊಬ್ಬಳಂತೆ ಹುಡುಗಿಯರನ್ನು ಹಂಚುವುದಕ್ಕಿಂತ ಒಂದೇ ಗುಂಪಿಗೆ ಇಬ್ಬರನ್ನು ಹಾಕುವುದು ಮೇಲು. ಜೊತೆಗೊಬ್ಬಳಿದ್ದರೆ ಕೇಳುವ ಧೈರ್ಯ ಬರುತ್ತದೆ.

ಆದರೆ ಪಟ್ಟಿಯ ಕೈಗೆ ಸಿಗದ ಒಂದು ಜಾಗವಿದೆ, ಅದು ಕೊನೆಯ ವರ್ಷದ ಪ್ರಾಜೆಕ್ಟು. ಬೆಸುಗೆ ಹಾಕುವುದು, ಜೋಡಿಸುವುದು, ಕೆಟ್ಟದ್ದನ್ನು ಬಿಚ್ಚಿ ನೋಡುವುದು ನಡೆಯುವುದೆಲ್ಲ ಸಂಜೆಯ ನಂತರ. ಅಷ್ಟರಲ್ಲಿ ಹುಡುಗಿಯರ ಹಾಸ್ಟೆಲಿನ ಬಾಗಿಲು ಹಾಕಿರುತ್ತದೆ. ಕಡಬದ ಒಳಹಳ್ಳಿಗೆ ಹೋಗುವವಳು ಬಸ್ಸಿನ ವೇಳೆ ನೋಡಿ ಮೊದಲೇ ಹೊರಟಿರುತ್ತಾಳೆ. ಮತ್ತೆ ಅವಳ ಪಾಲಿಗೆ ಬರುವುದು ವರದಿ ಬರೆಯುವ ಕೆಲಸ. ಹಗಲಿನಲ್ಲಿಯೇ ವಾರಕ್ಕೆ ಒಂದೆರಡು ಮಧ್ಯಾಹ್ನಗಳನ್ನು ವರ್ಕ್‌ಶಾಪಿಗೆಂದು ಬಿಟ್ಟುಕೊಡುವುದು ಕಾಲೇಜಿನವರ ಕೈಯಲ್ಲಿದೆ.

ಸಭೆ ಮುಗಿದ ಮೇಲೆ ಸುಳ್ಯದ ಕಡೆಯ ಒಬ್ಬ ವಿದ್ಯಾರ್ಥಿನಿ ನಮ್ಮ ಬಳಿ ಬಂದು ಹೇಳಿದ ಮಾತು ಇನ್ನೂ ನೆನಪಿದೆ. ಮನೆಯಲ್ಲಿ ಅಡಿಕೆ ತೋಟದ ಪಂಪು ಗಾಳಿ ಎಳೆದರೆ ನೀರು ತುಂಬಿಸಿ, ಸ್ಟಾರ್ಟರ್ ಒತ್ತಿ ಹೊರಡಿಸುವವಳು ತಾನೇ ಅಂತೆ; ಅಮ್ಮನಿಂದ ಕಲಿತದ್ದು. ಕಾಲೇಜಿನ ಮೋಟಾರನ್ನು ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಯಾರಾದರೂ ಬೇಡವೆಂದರೇ ಎಂದು ಕೇಳಿದೆವು.

“ಯಾರೂ ಬೇಡ ಅನ್ನಲಿಲ್ಲ ಸಾರ್, ಯಾರೂ ಕರೆಯಲೂ ಇಲ್ಲ” ಎಂದಳು.